ಮೂವತ್ತೇಳರ ಮಗ್ಗಿ

ನಮ್ಮ ಶಾಲೆಯಲ್ಲಿ ಮಗ್ಗಿ ಇಪ್ಪತ್ತಕ್ಕೇ ನಿಂತುಬಿಟ್ಟಿತ್ತು. ಮುಂದೊಂದು ದಿನ ಮೂವತ್ತೇಳರ ಮಗ್ಗಿ ಬೇಕಾಗುತ್ತದೆ ಅಂತ ಮೇಷ್ಟ್ರಿಗಾದರೂ ಹೇಗೆ ಗೊತ್ತಿರಬೇಕು?

ಮೊನ್ನೆ ಕಾಫಿ ಕುಡಿಯುತ್ತಾ ರೇಡಾನ್ ಅನಿಲದ ಬಗ್ಗೆ ಒಂದು ಲೇಖನ ಓದುತ್ತಿದ್ದೆ. ನೆಲದೊಳಗಿನ ಯುರೇನಿಯಂನಿಂದ ಹುಟ್ಟಿ, ಬಿರುಕಿನಲ್ಲಿ ನುಸುಳಿ ಮನೆಯೊಳಗೆ ಬರುವ ವಿಕಿರಣಶೀಲ ಅನಿಲ ಅದು. ಗಾಳಿಯಲ್ಲಿ ಲೀಟರಿಗೆ 4 ಪಿಕೊಕ್ಯೂರಿ ಮುಟ್ಟಿದರೆ ಮನೆ ಸರಿ ಮಾಡಿಸಿ ಎನ್ನುತ್ತದೆ ಅಮೆರಿಕದ ಪರಿಸರ ಸಂಸ್ಥೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಘನ ಮೀಟರಿಗೆ 100 ಬೆಕೆರೆಲ್. ನಾಲ್ಕೆಲ್ಲಿ, ನೂರೆಲ್ಲಿ! ಹಾಲಿನ ಲೆಕ್ಕದ ಚೀಟಿ ತಿರುಗಿಸಿ ಪೆನ್ನು ಹಿಡಿದೆ.

ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್. ಸೆಕೆಂಡಿಗೆ 3,700 ಕೋಟಿ ಒಡೆದರೆ ಒಂದು ಕ್ಯೂರಿ. ಈ ವಿಚಿತ್ರ ಸಂಖ್ಯೆ ಬಂದಿದ್ದು ರೇಡಿಯಂನಿಂದ. ಕ್ಯೂರಿಯನ್ನು 1910ರಲ್ಲಿ ಒಂದು ಗ್ರಾಂ ರೇಡಿಯಂಗೆ ಗಂಟು ಹಾಕಿದ್ದರು. ಬೆಕೆರೆಲ್ ಬಂದಿದ್ದು 1975ರಲ್ಲಿ. ಕ್ಯೂರಿ ಅಕ್ಕಿಯನ್ನು ಲಾರಿ ಲೆಕ್ಕದಲ್ಲಿ ಅಳೆದರೆ, ಬೆಕೆರೆಲ್ ಕಾಳುಕಾಳಾಗಿ ಎಣಿಸುತ್ತದೆ. ಅದಕ್ಕೇ ಹೊಗೆ ಪತ್ತೆ ಮಾಡುವ ಡಬ್ಬಿಯಲ್ಲಿ ಒಂದು ಮೈಕ್ರೊಕ್ಯೂರಿ ಅಮೆರಿಸಿಯಂ ಇದೆ ಅಂದರೆ ಯಾರಿಗೂ ಏನೂ ಅನಿಸುವುದಿಲ್ಲ. ಅದನ್ನೇ 37,000 ಬೆಕೆರೆಲ್ ಅಂದುನೋಡಿ, ಡಬ್ಬಿಯನ್ನು ಅಂಗಳಕ್ಕೆ ಎಸೆಯುತ್ತಾರೆ. ಎಷ್ಟು ಒಡೆಯುತ್ತಿದೆ ಅನ್ನುವುದನ್ನಷ್ಟೇ ಇವೆರಡೂ ಹೇಳುತ್ತವೆ, ಮೈಗೆ ಎಷ್ಟು ತಾಗಿತು ಅನ್ನುವುದನ್ನಲ್ಲ.

ಚೀಟಿಗೆ ಬರೋಣ. ಪಿಕೊ ಅಂದರೆ ಲಕ್ಷ ಕೋಟಿಯಲ್ಲಿ ಒಂದು ಪಾಲು. ಹಾಗಾಗಿ ಒಂದು ಪಿಕೊಕ್ಯೂರಿಗೆ 0.037 ಬೆಕೆರೆಲ್, ಅಂದರೆ ಸುಮಾರು 27 ಸೆಕೆಂಡಿಗೆ ಒಂದು ಪರಮಾಣು. ನಾಲ್ಕರಿಂದ ಗುಣಿಸಿದೆ: 0.148. ಅಲ್ಲಿ ನೂರು, ಇಲ್ಲಿ ಒಂದು ಕೂಡ ಇಲ್ಲ! ಇಷ್ಟಕ್ಕೇ ಮನೆ ರಿಪೇರಿನಾ, ಅಮೆರಿಕದವರು ಭಾರೀ ಪುಕ್ಕಲರಪ್ಪಾ ಅಂದುಕೊಂಡೆ. ಕಾಫಿ ಆರಿದ ಮೇಲೆ ತಪ್ಪು ಕಣ್ಣಿಗೆ ಬಿತ್ತು. ಕ್ಯೂರಿಯನ್ನು ಬದಲಿಸಿದ್ದೆ, ಲೀಟರನ್ನು ಹಾಗೇ ಬಿಟ್ಟಿದ್ದೆ. ಒಂದು ಘನ ಮೀಟರ್ ಅಂದರೆ ನಮ್ಮ ತಾರಸಿ ಮೇಲಿನ ಸಾವಿರ ಲೀಟರ್ ಟ್ಯಾಂಕ್. 0.148 ಅನ್ನು ಸಾವಿರದಿಂದ ಗುಣಿಸಿದರೆ 148. ಈಗ ಎರಡೂ ಅಕ್ಕಪಕ್ಕದ ಮನೆಯವರು. ಪುಕ್ಕಲರೆಲ್ಲಿ ಬಂತು, ಅಮೆರಿಕದ ಮಿತಿಯೇ ಸ್ವಲ್ಪ ಸಡಿಲ.

ಪಿಕೊದ ಸೊನ್ನೆಗಳೂ ಲೀಟರಿನ ಸೊನ್ನೆಗಳೂ ಹೀಗೆ ಒಂದನ್ನೊಂದು ತಿಂದುಹಾಕಿದ ಮೇಲೆ ಉಳಿಯುವುದು ಸುಮ್ನೆ ಮೂವತ್ತೇಳರ ಮಗ್ಗಿ. 4 ಮೂವತ್ತೇಳಲೆ 148.

ಇನ್ನೊಂದು ಲೆಕ್ಕ ಬಾಕಿ ಇತ್ತು. 1984ರಲ್ಲಿ ಪೆನ್ಸಿಲ್ವೇನಿಯಾದ ಲಿಮೆರಿಕ್ ಅಣುಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ವಿಕಿರಣ ಪತ್ತೆಯ ಯಂತ್ರ ದಾಟಿದರೆ ಸಾಕು, ಗಂಟೆ ಬಾರಿಸುತ್ತಿತ್ತು. ಕೆಲಸಕ್ಕೆ ಒಳಗೆ ಹೋಗುವಾಗಲೂ ಬಾರಿಸಿತು! ದೋಷ ಸ್ಥಾವರದ್ದಲ್ಲ, ಅವರ ಮನೆಯದ್ದು. ಅಲ್ಲಿ ಅಳೆದಾಗ ಲೀಟರಿಗೆ ಸುಮಾರು 2,700 ಪಿಕೊಕ್ಯೂರಿ ರೇಡಾನ್. ಚೀಟಿಯ ಮೂಲೆಯಲ್ಲಿ ಗುಣಿಸಿದೆ: 99,900. ಲಕ್ಷಕ್ಕೆ ನೂರೇ ಕಡಿಮೆ. ಈ ಸಲ ಸೊನ್ನೆಗಳನ್ನು ಎರಡೆರಡು ಸಲ ಎಣಿಸಿದೆ.