ರೋಗದ ಹೆಸರು ಕಡ್ಡಾಯ

ನಮ್ಮ ಮಂಗಳೂರಿನಲ್ಲಿ ಮನೆಯ ದೈವಕ್ಕೆ ನೇಮ ಉಂಟು ಅಂದರೆ ಸಾಕು, ಎರಡು ದಿನ ರಜೆ ಸಿಗುತ್ತದೆ. ಯಾವ ದೈವ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಪುರಾವೆ ಏನು ಅಂತ ಯಾವ ಮ್ಯಾನೇಜರೂ ಕೇಳುವುದಿಲ್ಲ. ಕೇಳುವ ಧೈರ್ಯವೂ ಇಲ್ಲ ಅನ್ನಿ. ಅಕ್ಕನಿಗೆ ಕಿಡ್ನಿ ಕೊಡಬೇಕು ಅಂತ ರಜೆ ಕೇಳಿ ನೋಡಿ, ಆಗ ಗೊತ್ತಾಗುತ್ತದೆ.

ಕಂಕನಾಡಿಯ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವ ನನ್ನ ಗೆಳೆಯ ಕೇಳಿದ. ರಜೆಯ ಸಾಫ್ಟ್‌ವೇರಿನಲ್ಲಿ ಮದುವೆಗೆ ಜಾಗ ಉಂಟು, ಹೆರಿಗೆಗೆ ಉಂಟು, ಸಾವಿಗೂ ಉಂಟು. ಕಿಡ್ನಿಗೆ ಇಲ್ಲ. ಸರಿ, ಸಿಕ್ ಲೀವ್ ಒತ್ತಿದ. ‘ರೋಗದ ಹೆಸರು ಕಡ್ಡಾಯ’ ಅಂತ ಕೆಂಪು ಅಕ್ಷರ ಬಂತು.

ತಮಾಷೆ ಇರುವುದೇ ಇಲ್ಲಿ. ಶುಗರ್ ಇದ್ದರೆ, ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ, ಕಿಡ್ನಿಯಲ್ಲೇ ತೊಂದರೆ ಇದ್ದರೆ ಡಾಕ್ಟರು ದಾನಿಯನ್ನು ವಾಪಸ್ ಕಳಿಸುತ್ತಾರೆ. ರಕ್ತ, ಮೂತ್ರ, ಹೃದಯ, ಸ್ಕ್ಯಾನು, ಕೊನೆಗೆ ಮನೋವೈದ್ಯರ ಮುಂದೆ ಕೂತು ಮಾತು. ಇಷ್ಟೆಲ್ಲ ಪಾಸಾದವನಿಗೆ ಮಾತ್ರ ಕಿಡ್ನಿ ಕೊಡುವ ಯೋಗ. ಆಸ್ಪತ್ರೆಗೆ ಇವನಲ್ಲಿ ರೋಗ ಇರಬಾರದು, ಕಚೇರಿಗೆ ಇರಲೇಬೇಕು. ಇವನು ‘ಇಲ್ಲ’ ಅಂತ ಟೈಪ್ ಮಾಡಿದ. ಸಾಫ್ಟ್‌ವೇರ್ ಒಪ್ಪಲಿಲ್ಲ. ‘ಅಕ್ಕ’ ಅಂತ ಹಾಕಿದ. ಒಪ್ಪಿತು!

ಕೇಂದ್ರ ಸರ್ಕಾರ ಈ ಗೋಜಲನ್ನು ತನ್ನ ನೌಕರರ ಮಟ್ಟಿಗೆ ಬಿಡಿಸಿಕೊಂಡಿದೆ. 2023ರ ಏಪ್ರಿಲ್‌ನ ಆದೇಶದಂತೆ ಅಂಗದಾನಿಗೆ 42 ದಿನದವರೆಗೆ ವಿಶೇಷ ಸಾಂದರ್ಭಿಕ ರಜೆ. ರೋಗದ ಸುದ್ದಿಯೇ ಇಲ್ಲ. ಆದರೆ ಆ ಆದೇಶ ಖಾಸಗಿ ಕಂಪನಿಗೆ ತಾಗುವುದಿಲ್ಲ. ಅಲ್ಲಿ ಮ್ಯಾನೇಜರ್ ಹೇಳಿದ್ದೇ ಆದೇಶ.

ಮ್ಯಾನೇಜರ್ ಹೇಳಿದ್ದು ಇಷ್ಟು: “ಆರು ವಾರ ಎಂಥದು ಮಾರಾಯ್ರೇ? ಈಗ ಎಲ್ಲ ಕೀಹೋಲ್ ಅಲ್ವಾ? ನಾಲ್ಕು ತೂತು, ನಾಲ್ಕು ದಿನ.” ಆಸ್ಪತ್ರೆಯಿಂದ ನಾಲ್ಕೈದು ದಿನದಲ್ಲಿ ಮನೆಗೆ ಕಳಿಸುವುದು ನಿಜ. ಆದರೆ ತೂತಿನಲ್ಲಿ ಹೋಗುವುದು ಕ್ಯಾಮೆರಾ ಮತ್ತು ಕತ್ತರಿ. ಕಿಡ್ನಿ ತುಂಡಾಗದೆ ಇಡಿಯಾಗಿ ಹೊರಗೆ ಬರಬೇಕು, ಇನ್ನೊಬ್ಬರಿಗೆ ಜೋಡಿಸಬೇಕಲ್ಲ! ಅದಕ್ಕೆ ಕಿಬ್ಬೊಟ್ಟೆಯ ಮೇಲೆ ಎರಡು ಮೂರು ಇಂಚು ಕೊಯ್ಯುತ್ತಾರೆ. ಚರ್ಮ ಬೇಗ ಕೂಡಿಕೊಳ್ಳುತ್ತದೆ, ಒಳಗಿನ ಪದರಕ್ಕೆ ವಾರಗಳು ಬೇಕು. ಅಷ್ಟರೊಳಗೆ ಭಾರ ಎತ್ತಿದರೆ ಅಲ್ಲೇ ಹರ್ನಿಯಾ. ಕೂತು ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬಿಟ್ಟು ಬರಬಹುದು. ಭಾರ ಎತ್ತುವ ಕೆಲಸಕ್ಕೆ ಇನ್ನೂ ಜಾಸ್ತಿ. “ಇವನದು ಕೂತು ಮಾಡುವ ಕೆಲಸವೇ ಅಲ್ವಾ” ಅಂದರು. ಆ ಕಚೇರಿಯ ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ದಿನಾ ಎತ್ತಿ ಮಗುಚಿ ಇಡುವವನು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ. ನೀರು ತಾನಾಗಿಯೇ ಮೇಲೆ ಹತ್ತುತ್ತದೆ ಅಂತ ಅಂದುಕೊಂಡಿರಬೇಕು.

ಆಮೇಲೆ ದಾಖಲೆ. “ಎಲ್ಲ ರಿಪೋರ್ಟ್ ಗ್ರೂಪಿಗೆ ಹಾಕಿ, ನಮ್ಮಲ್ಲಿ ಮುಚ್ಚುಮರೆ ಇಲ್ಲ.” ಆ ಕಟ್ಟಿನಲ್ಲಿ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಯೂ ಇರುತ್ತದೆ, ಮನೋವೈದ್ಯರ ಟಿಪ್ಪಣಿಯೂ ಇರುತ್ತದೆ. ಅಕ್ಕನ ಕಾಯಿಲೆಯ ಪೂರ್ತಿ ಕತೆ ಬೇರೆ, ಅದು ಇವನದಲ್ಲ, ಅಕ್ಕನದು. ಇವನು ಅಕ್ಕನ ತಮ್ಮನೇ ಹೌದೋ ಅಂತ ನೋಡಲು ಕಾನೂನು ಆಸ್ಪತ್ರೆಗೆ ಹೇಳಿದೆ, ಕಂಪನಿಯ ಎಚ್‌ಆರ್‌ಗೆ ಅಲ್ಲ. ಕಚೇರಿಗೆ ಬೇಕಾದದ್ದು ಒಂದೇ ಹಾಳೆ: ದೊಡ್ಡ ಆಪರೇಷನ್ ಉಂಟು, ಇಂಥ ದಿನದಿಂದ ಇಂಥ ದಿನದವರೆಗೆ ಕೆಲಸಕ್ಕೆ ಆಗುವುದಿಲ್ಲ, ಮರಳಿದ ಮೇಲೆ ಇಂತಿಷ್ಟು ದಿನ ಭಾರ ಎತ್ತುವಂತಿಲ್ಲ. ಗೆಳೆಯ ಅದನ್ನೇ ಕೊಟ್ಟ, ಕಿಡ್ನಿ ಅಂತ ಬಾಯಿಮಾತಿನಲ್ಲಿ ಹೇಳಿದ್ದಷ್ಟೇ. ಗ್ರೂಪಿನಲ್ಲಿ ಮಧ್ಯಾಹ್ನದೊಳಗೆ “ಬೇಗ ಗುಣವಾಗಿ” ಅಂತ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಯಾವ ರೋಗದಿಂದ ಅಂತ ಯಾರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ.

ರಿಪೋರ್ಟ್ ಕೊಡದಿದ್ದದ್ದು ಒಳ್ಳೆಯದೇ ಆಯಿತು. ಒಂದು ಕಿಡ್ನಿ ಕೊಟ್ಟ ಮೇಲೆ, ಕಿಡ್ನಿ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಮೊದಲಿಗಿಂತ ಸ್ವಲ್ಪ ಏರುತ್ತದೆ. ಎರಡರ ಕೆಲಸ ಒಂದು ಮಾಡುವಾಗ ಅದು ಸಹಜ, ಡಾಕ್ಟರು ವರ್ಷಕ್ಕೊಮ್ಮೆ ನೋಡುತ್ತಾರೆ, ಅಷ್ಟೆ. ಆದರೆ ಲ್ಯಾಬ್ ಹಾಳೆಯಲ್ಲಿ ಅದೇ ಅಂಕೆ ದಪ್ಪ ಅಕ್ಷರದಲ್ಲಿ ಬಂದರೆ, ಈ ಗ್ರೂಪು ಚಾ ಕುಡಿದು ಮುಗಿಸುವಷ್ಟರಲ್ಲಿ ಅವನನ್ನು ಡಯಾಲಿಸಿಸ್‌ಗೆ ಸೇರಿಸುತ್ತಿತ್ತು.

ಆರು ವಾರ ಕಳೆದು ಬಂದ. ಫಿಟ್‌ನೆಸ್ ಸರ್ಟಿಫಿಕೇಟ್ ಕೇಳಿದರು, ಕೊಟ್ಟ. ‘ಆರೋಗ್ಯವಾಗಿದ್ದಾರೆ’ ಅಂತ ಇತ್ತು. “ಮೊದಲೂ ಆರೋಗ್ಯವೇ, ಈಗಲೂ ಆರೋಗ್ಯವೇ, ಮತ್ತೆ ಸಿಕ್ ಲೀವ್ ಯಾಕೆ?” ಅಂತ ಎಚ್‌ಆರ್ ಆಕ್ಷೇಪ ಬರೆದರು. ಉಳಿದ ರಜೆಯೆಲ್ಲ ವಜಾ ಆಯಿತು, ಸಾಲದ್ದಕ್ಕೆ ಸಂಬಳ ಕತ್ತರಿಸಿದರು. ಮ್ಯಾನೇಜರ್ ಮಾತ್ರ ಪ್ರೀತಿಯಿಂದಲೇ ಬೆನ್ನು ತಟ್ಟಿದರು.

“ಆದದ್ದಾಯಿತು ಬಿಡಿ. ಮುಂದಿನ ಸಲ ಕಿಡ್ನಿ ಕೊಡುವಾಗ ಒಂದು ತಿಂಗಳು ಮೊದಲೇ ತಿಳಿಸಿ.”