ಲ್ಯಾಫರ್ ರೇಖೆಯ ನೆತ್ತಿ ಒಂದೇ ಕಡೆ ಯಾಕೆ ನಿಲ್ಲುವುದಿಲ್ಲ

"ತೆರಿಗೆ ಇಳಿಸಿದರೆ ಸರ್ಕಾರಕ್ಕೆ ಇನ್ನೂ ಜಾಸ್ತಿ ದುಡ್ಡು ಬರುತ್ತೆ, ಲ್ಯಾಫರ್ ಹೇಳಿಲ್ವೇನ್ರೀ?" ಬಜೆಟ್ ಸಮಯದಲ್ಲಿ ದಾವಣಗೆರೆ ಮಂಡಿಪೇಟೆಯಲ್ಲಿ ಈ ಮಾತು ಬಂದೇ ಬರುತ್ತೆ. ಅಮೆರಿಕದ ಅರ್ಥಶಾಸ್ತ್ರಜ್ಞ ಆರ್ಥರ್ ಲ್ಯಾಫರ್ ಹೇಳಿದ್ದು ಅರ್ಧ ಮಾತ್ರ ನಮಗೆ ತಲುಪಿದೆ. ತೆರಿಗೆ ದರ ಏರಿದಂತೆ ವಸೂಲಿ ಹೇಗೆ ಬದಲಾಗುತ್ತೆ ಎಂದು ತೋರಿಸುವ ಅವರ ರೇಖೆಯಲ್ಲಿ ದರ ಸೊನ್ನೆಯಾದರೂ ವಸೂಲಿ ಇಲ್ಲ, ಶೇ. 100 ಆದರೂ ಇಲ್ಲ. ನಡುವೆ ಎಲ್ಲೋ ವಸೂಲಿ ಅತಿ ಹೆಚ್ಚಾಗುವ ಒಂದು ನೆತ್ತಿ ಇದೆ, ಅದನ್ನು ದಾಟಿದ ಮೇಲಷ್ಟೇ ದರ ಇಳಿಸಿದರೆ ಲಾಭ. ಇಷ್ಟಕ್ಕೆ ಯಾರ ತಕರಾರೂ ಇಲ್ಲ. ಜಗಳವೆಲ್ಲ ಆ ನೆತ್ತಿ ಎಲ್ಲಿ ಎಂಬುದರ ಮೇಲೆ.

ಲೆಕ್ಕ ಹಾಕಿಯೇ ನೋಡೋಣ. ಒಬ್ಬ ಅಡಿಕೆ ವ್ಯಾಪಾರಿಯ ಆದಾಯ 3 ಕೋಟಿ ಎಂದಿಟ್ಟುಕೊಳ್ಳಿ. 1 ಕೋಟಿ ಮೀರಿದ ಭಾಗಕ್ಕೆ ಶೇ. 40 ತೆರಿಗೆ, ಅಂದರೆ 80 ಲಕ್ಷ. ದರವನ್ನು 46ಕ್ಕೆ ಏರಿಸಿದರೆ ಪ್ರತಿ ರೂಪಾಯಿಯಲ್ಲಿ ಅವರ ಕೈಗೆ ಉಳಿಯುತ್ತಿದ್ದ 60 ಪೈಸೆ 54ಕ್ಕೆ ಇಳಿಯುತ್ತೆ, ಹತ್ತರಲ್ಲಿ ಒಂದು ಪಾಲು ಕಡಿಮೆ. ಇದಕ್ಕೆ ಅವರು ತೋರಿಸುವ ಆದಾಯ ಶೇ. 2.5 ಮಾತ್ರ ಕುಗ್ಗಿದರೆ ವಸೂಲಿ 88.55 ಲಕ್ಷವಾಗುತ್ತೆ. ಶೇ. 10 ಕುಗ್ಗಿದರೆ 78.2 ಲಕ್ಷ, ಮೊದಲಿಗಿಂತ ನಷ್ಟ. ಇದೇ ಲೆಕ್ಕವನ್ನು ಮುಂದುವರಿಸಿದರೆ ಮೊದಲನೆಯದರಲ್ಲಿ ನೆತ್ತಿ ಶೇ. 73ರ ಹತ್ತಿರ, ಎರಡನೆಯದರಲ್ಲಿ 40ರಲ್ಲೇ. ಇಡೀ ವಿವಾದ ಆ ಒಂದು ಕುಗ್ಗುವಿಕೆಯ ಅಂಕಿಯ ಮೇಲೆ ನಿಂತಿದೆ.

ಅದನ್ನು ಅಳೆಯುವುದು ಕಷ್ಟ, ಯಾಕಂದರೆ ಕುಗ್ಗಿದ್ದು ದುಡಿಮೆಯೋ, ಬರೀ ಕಾಗದವೋ ರಿಟರ್ನ್ಸ್ ನೋಡಿದರೆ ಗೊತ್ತಾಗಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಹಾಗಾಗಿ ವ್ಯಾಪಾರದ 30 ಲಕ್ಷ ಲಾಭವನ್ನು ಚನ್ನಗಿರಿ ಕಡೆಯ ತೋಟದ ಫಸಲು ಎಂದು ತೋರಿಸಿಬಿಟ್ಟರೆ ಆದಾಯ "ಕುಗ್ಗಿತು". ವಹಿವಾಟು ಮಾತ್ರ ಹಾಗೇ ಇದೆ. ಪಹಣಿಯಲ್ಲಿರುವ ಎಕರೆ, ಆ ನೆಲದಲ್ಲಿ ಬರಬಹುದಾದ ಇಳುವರಿ, ಮಾರಾಟದ ಚೀಟಿ ಮೂರನ್ನೂ ತಾಳೆ ನೋಡಿದರೆ ಈ ದಾರಿ ಮುಚ್ಚುತ್ತೆ. ಆಗ ಅದೇ ವ್ಯಾಪಾರಿ, ಅದೇ ದರ, ಆದರೂ ನೆತ್ತಿ ಮೇಲಕ್ಕೆ ಸರಿಯುತ್ತೆ. ಅದೇ 30 ಲಕ್ಷ ಶೇ. 25 ತೆರಿಗೆಯ ಕಂಪನಿಯೊಂದರ ಲೆಕ್ಕಕ್ಕೆ ಹೋಗಿದ್ದರೆ 7.5 ಲಕ್ಷ ಇನ್ನೊಂದು ಬಾಗಿಲಿಂದ ಖಜಾನೆಗೆ ಬರುತ್ತಿತ್ತು, ನಷ್ಟ ಕಂಡದ್ದು ಲಾಭವಾಗುತ್ತಿತ್ತು.

ಅಮೆರಿಕದಲ್ಲಿ ಆದದ್ದೂ ಇದೇ. 1986ರ ಸುಧಾರಣೆಯಲ್ಲಿ ಅಲ್ಲಿಯ ವೈಯಕ್ತಿಕ ಗರಿಷ್ಠ ದರ 50ರಿಂದ 28ಕ್ಕೆ ಇಳಿಯಿತು, ಶ್ರೀಮಂತರು ತೋರಿಸಿದ ಆದಾಯ ಜಿಗಿಯಿತು. ಅರ್ಥಶಾಸ್ತ್ರಜ್ಞ ಮಾರ್ಟಿನ್ ಫೆಲ್ಡ್‌ಸ್ಟೈನ್ 1995ರಲ್ಲಿ ಇದನ್ನು ನೋಡಿ ಜನ ದರಕ್ಕೆ ಬಹಳ ಸ್ಪಂದಿಸುತ್ತಾರೆ ಎಂದರು. ಆದರೆ ಎಷ್ಟೋ ಕಂಪನಿಗಳು ತಮ್ಮ ಲಾಭ ನೇರವಾಗಿ ಮಾಲೀಕರ ರಿಟರ್ನ್ಸ್‌ಗೆ ಬರುವಂತೆ ರೂಪ ಬದಲಿಸಿಕೊಂಡಿದ್ದವು. ಆ ಜಿಗಿತದಲ್ಲಿ ದೊಡ್ಡ ಪಾಲು ಹೊಸ ದುಡಿಮೆಯಾಗಿರಲಿಲ್ಲ. ಅರ್ಥಶಾಸ್ತ್ರಜ್ಞರಾದ ಪೀಟರ್ ಡೈಮಂಡ್ ಮತ್ತು ಇಮ್ಯಾನ್ಯುಯೆಲ್ ಸಾಯೆಜ್ 2011ರಲ್ಲಿ ಕುಗ್ಗುವಿಕೆಯ ಸಣ್ಣ ಅಂಕಿ ಹಿಡಿದು ನೆತ್ತಿ ಶೇ. 73 ಎಂದರು. ಕಾನೂನಿನಲ್ಲಿ ಕಂಡಿಗಳು ಹೆಚ್ಚಿದ್ದರೆ ನೆತ್ತಿ ಅದಕ್ಕಿಂತ ಬಹಳ ಕೆಳಗಿರುತ್ತೆ ಎಂದು ಅವರೂ ಒಪ್ಪುತ್ತಾರೆ.

ಹಾಗಾಗಿ ದರ ಇಳಿಸಿದ್ದಕ್ಕೇ ವಸೂಲಿ ಏರಿತು ಎಂದು ಯಾರಾದರೂ ಒಂದು ವರ್ಷದ ಅಂಕಿ ತೋರಿಸಿದರೆ ನಾನು ಒಪ್ಪಲ್ಲ. ಬ್ರಿಟನ್ನಿನಲ್ಲಿ 2010ರ ಏಪ್ರಿಲ್‌ನಲ್ಲಿ ಶೇ. 50ರ ದರ ಬರುವ ಮುಂಚೆಯೇ ಅನೇಕರು ಡಿವಿಡೆಂಡ್ ತೆಗೆದುಕೊಂಡುಬಿಟ್ಟರು, ಮರುವರ್ಷದ ಆದಾಯ ಕುಸಿದಂತೆ ಕಂಡಿತು. ಬದಲಾವಣೆಯ ಹಿಂದುಮುಂದಿನ ಎರಡೆರಡು ವರ್ಷವಾದರೂ ನೋಡಬೇಕು, ಕಂಪನಿ ತೆರಿಗೆಯ ಲೆಕ್ಕ ಮತ್ತು ಕೃಷಿ ಆದಾಯದ ಘೋಷಣೆಯನ್ನೂ ಪಕ್ಕದಲ್ಲಿಟ್ಟುಕೊಂಡು.