ವೈವಾದಲ್ಲಿ ಅಧ್ಯಾಯ ಒಪ್ಪಿಸಬೇಡಿ

ಇವತ್ತು ಪರಿಚಯದ ಹುಡುಗಿಯೊಬ್ಬಳ ಪಿಎಚ್‌ಡಿ ವೈವಾ ರಿಹರ್ಸಲ್ ನೋಡಿ ಬಂದೆ. ತುಂಬಾ ಸಂಕಟವಾಯಿತು. ಬಿಸಿಲಲ್ಲಿ ಅಲೆದು 40 ಬೋರ್‌ವೆಲ್‌ಗಳ ನೀರು ತಂದು ಫ್ಲೋರೈಡ್ ಅಳೆದವಳು ಅವಳು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ. ಥೀಸಿಸ್‌ನ ಆರೂ ಅಧ್ಯಾಯಗಳನ್ನು ಹಾಗೇ ತಂದು ಸ್ಲೈಡಿಗೆ ಸುರಿದಿದ್ದಾಳೆ. ಒಟ್ಟು 62 ಸ್ಲೈಡ್, ಇರುವುದು 30 ನಿಮಿಷ. ಹಿಂದಿನವರು ಏನು ಬರೆದಿದ್ದಾರೆ ಅನ್ನುವುದಕ್ಕೇ 14 ನಿಮಿಷ ಹೋಯಿತು. ಅವಳದೇ ಫಲಿತಾಂಶಕ್ಕೆ ಉಳಿದಿದ್ದು ನಾಲ್ಕು!

'ಪರೀಕ್ಷಕರು ಎಲ್ಲಾ ಓದಿರುತ್ತಾರೆ ಅಕ್ಕಾ, ವೈವಾ ಬರೀ ಶಾಸ್ತ್ರಕ್ಕೆ ಅಂತಾರೆ' ಅಂದಳು. ಓದಿರುತ್ತಾರೆ, ನಿಜ. ಅದಕ್ಕೇ ಅಲ್ವಾ ಮತ್ತೆ ಅಧ್ಯಾಯ ಒಪ್ಪಿಸಬಾರದು ಅನ್ನುವುದು? ನನ್ನ ವೈವಾದಲ್ಲಿ ಒಬ್ಬರು 'ನೀವು ಕಂಡುಕೊಂಡಿದ್ದು ಏನು, ಒಂದೇ ಮಾತಲ್ಲಿ ಹೇಳಿ' ಎಂದಾಗ ನಾನು ಐದನೇ ಅಧ್ಯಾಯದ ಸ್ಲೈಡ್ ಓದತೊಡಗಿದ್ದೆ. ಆ ಮೌನ ಇನ್ನೂ ಮರೆತಿಲ್ಲ.

ಕೂತು ಮತ್ತೆ ಲೆಕ್ಕ ಹಾಕಿದೆವು. ಪ್ರಶ್ನೆ ಏನು, ಆ ತಾಲೂಕನ್ನೇ ಯಾಕೆ ಆರಿಸಿದ್ದು: 4 ನಿಮಿಷ. ಹಿಂದಿನ ಕೆಲಸ 2 ನಿಮಿಷ. ಅದರಲ್ಲಿ ಉಳಿದುಹೋದ ಕೊರತೆ ಯಾವುದು ಅನ್ನುವುದಷ್ಟೇ ಸಾಕು. ವಿಧಾನಕ್ಕೆ 6. ಫಲಿತಾಂಶಕ್ಕೆ 14, ಅದೂ ನಾಲ್ಕೇ ಚಿತ್ರಗಳಲ್ಲಿ. ಮಿತಿಗಳು ಮತ್ತು ಹೊಸದಾಗಿ ತಿಳಿದದ್ದಕ್ಕೆ 3. ಒಂದು ನಿಮಿಷ ಕೈಯಲ್ಲಿರಲಿ. 62 ಸ್ಲೈಡ್ 20ಕ್ಕೆ ಇಳಿಯಿತು. ತೆಗೆದದ್ದನ್ನು ಎಸೆಯಲಿಲ್ಲ. ದೊಡ್ಡ ಕೋಷ್ಟಕಗಳೆಲ್ಲ ಧನ್ಯವಾದದ ಸ್ಲೈಡ್ ಆದಮೇಲೆ ಕೂತಿವೆ, ಕೇಳಿದರೆ ತೆರೆಯಲು.

ಪ್ರಶ್ನೆಗಳನ್ನು ಸುಮ್ನೆ ಊಹಿಸಬೇಕಿಲ್ಲ. ಪರೀಕ್ಷಕರ ವರದಿ ಗೈಡ್ ಹತ್ತಿರ ಬಂದಿರುತ್ತದೆ. ಅದರಲ್ಲಿರುವ ಪ್ರತಿ ಆಕ್ಷೇಪಕ್ಕೂ ಉತ್ತರ, ಪುಟಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಆಮೇಲೆ ವಿಧಾನದ ಅಧ್ಯಾಯ ತೆರೆದು, ನೀವೇ ಆಯ್ಕೆ ಮಾಡಿದ ಕಡೆಯೆಲ್ಲ 'ಯಾಕೆ?' ಎಂದು ಬರೆಯಿರಿ. ಯಾಕೆ 40 ಬಾವಿ? ಅಳೆಯುವ ಮುಂಚೆ ಟಿಸಾಬ್ ದ್ರಾವಣ ಯಾಕೆ ಹಾಕಿದಿರಿ? ಇದಕ್ಕೆ ಅವಳು ತಡವರಿಸಲಿಲ್ಲ. ನೀರಿನಲ್ಲಿರುವ ಅಲ್ಯೂಮಿನಿಯಂ, ಕಬ್ಬಿಣ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತವೆ, ಎಲೆಕ್ಟ್ರೋಡಿಗೆ ಅದು ಸಿಗುವುದಿಲ್ಲ, ದ್ರಾವಣ ಅದನ್ನು ಬಿಡಿಸುತ್ತದೆ, ಪಿಎಚ್ ಕೂಡ ಏರುಪೇರಾಗದಂತೆ ಕಾಯುತ್ತದೆ ಎಂದಳು. ಕುಡಿಯುವ ನೀರಲ್ಲಿ ಫ್ಲೋರೈಡಿಗೆ ಲೀಟರಿಗೆ 1 ಮಿಲಿಗ್ರಾಂ ಮಿತಿಯೋ 1.5 ಮಿತಿಯೋ ಎಂದೆ. ಮೊದಲನೆಯದು ಒಪ್ಪಬಹುದಾದ ಮಿತಿ, ಬೇರೆ ನೀರಿಲ್ಲದಿದ್ದರೆ ಎರಡನೆಯದು, ಭಾರತೀಯ ಮಾನಕದಲ್ಲಿ ಎರಡೂ ಇವೆ ಎಂದಳು.

ಆದರೆ 'ಒಂದೇ ವರ್ಷದ ಮಳೆ ನೋಡಿ ಮಳೆಯಿಂದಲೇ ಫ್ಲೋರೈಡ್ ಇಳಿಯಿತು ಅಂತ ಹೇಗೆ ಹೇಳುತ್ತೀರಿ?' ಎಂದಾಗ ನಿಂತುಬಿಟ್ಟಳು. ಉತ್ತರ ಅವಳ ಥೀಸಿಸ್‌ನಲ್ಲೇ ಇದೆ. ಮಳೆನೀರು ನಿಂತು ಇಂಗುವ ಕೆರೆಯ ಪಕ್ಕದ ಬಾವಿಗಳಲ್ಲಿ ಜಾಸ್ತಿ ಇಳಿದಿದೆ, ದೂರದವುಗಳಲ್ಲಿ ಕಡಿಮೆ. ಅಷ್ಟರಿಂದ ಸಾಬೀತಾಗದು, ಸುಳಿವು ಮಾತ್ರ ಸಿಗುತ್ತದೆ. ಹಾಗೆಂದೇ ಹೇಳಬೇಕು. ಇದನ್ನು ತೋರಿಸುವ ನಕ್ಷೆ 62ರಲ್ಲಿ 51ನೇ ಸ್ಲೈಡ್ ಆಗಿತ್ತು. ಈಗ ಫಲಿತಾಂಶ ಅದರಿಂದಲೇ ಶುರು.